ಒಮ್ಮೆ ನಡೆದ ದಿಕ್ಕಿಗೆ ಮರಳದ ವಿಧಾನ: ಕಾಂಜುಗೇಟ್ ಗ್ರೇಡಿಯೆಂಟ್ ಬಳಸಿದ ನನ್ನ ಅನುಭವ

ಚೌಕಾಕಾರದ ಲೋಹದ ತಗಡೊಂದರಲ್ಲಿ ಶಾಖ ಹೇಗೆ ಹರಡಿ ನೆಲೆಗೊಳ್ಳುತ್ತದೆ ಎಂಬುದನ್ನು ಲೆಕ್ಕಹಾಕಲು, ನಾನು ಅದರ ಒಳಭಾಗವನ್ನು 200 × 200 ಬಿಂದುಗಳ ಜಾಲವಾಗಿ ವಿಂಗಡಿಸಿದ್ದೆ. ಪ್ರತಿ ಬಿಂದುವಿನ ಉಷ್ಣಾಂಶವೂ ಒಂದು ಅಜ್ಞಾತ ಸಂಖ್ಯೆಯಾದ್ದರಿಂದ 40,000 ಸಮೀಕರಣಗಳಾದವು. ಆ ಮ್ಯಾಟ್ರಿಕ್ಸನ್ನು ಪೂರ್ತಿಯಾಗಿ ಸಂಗ್ರಹಿಸಲು ಸುಮಾರು 12.8 ಜಿಬಿ ಮೆಮೊರಿ ಬೇಕು. ಆದರೆ ಒಂದು ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆಗಳು ಹೆಚ್ಚೆಂದರೆ ಐದು: ಬಿಂದುವಿಗೆ 4, ಅದರ ನಾಲ್ಕು ನೆರೆಬಿಂದುಗಳಿಗೆ ತಲಾ -1. ಮ್ಯಾಟ್ರಿಕ್ಸನ್ನು ಒಂದು ಸದಿಶದಿಂದ ಗುಣಿಸುವುದಷ್ಟನ್ನೇ ಕೇಳುವ ಕಾಂಜುಗೇಟ್ ಗ್ರೇಡಿಯೆಂಟ್ ವಿಧಾನವನ್ನು ನಾನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಹೆಸ್ಟೆನೆಸ್ ಮತ್ತು ಸ್ಟೀಫೆಲ್ ಇದನ್ನು 1952ರಲ್ಲಿ ಪ್ರಕಟಿಸಿದರು.

ದೊಡ್ಡ ಲೆಕ್ಕಕ್ಕೆ ಕೈಹಾಕುವ ಮೊದಲು ಎರಡೇ ಅಜ್ಞಾತಗಳ ಲೆಕ್ಕವೊಂದನ್ನು ಕಾಗದದ ಮೇಲೆ ಮಾಡಿದೆ: 3x + y = 5, x + 2y = 5. ಇದರ ಉತ್ತರ (1, 2). ಇಲ್ಲಿನ ಮ್ಯಾಟ್ರಿಕ್ಸ್ (A ಎನ್ನೋಣ) ಸಮ್ಮಿತವಾಗಿದೆ ಮತ್ತು ಪಾಸಿಟಿವ್ ಡೆಫಿನಿಟ್ ಆಗಿದೆ, ಎಂದರೆ ಸೊನ್ನೆಯಲ್ಲದ ಯಾವ ಸದಿಶ p ತೆಗೆದುಕೊಂಡರೂ p·Ap ಧನವಾಗಿಯೇ ಇರುತ್ತದೆ. ಆದ್ದರಿಂದ, ಬಲಬದಿಯ ಸಂಖ್ಯೆಗಳನ್ನು b, ಅಜ್ಞಾತಗಳ ಸದಿಶವನ್ನು x ಎಂದು ಕರೆದರೆ, ½xᵀAx − bᵀx ಎಂಬ ಫಲನವು ಒಂದೇ ತಳವಿರುವ ಬಟ್ಟಲಿನ ಆಕಾರ ಪಡೆಯುತ್ತದೆ, ಮತ್ತು ಆ ತಳವೇ ಸಮೀಕರಣಗಳ ಉತ್ತರ. ಶೇಷ, ಅಂದರೆ r = b − Ax, ನಾವು ನಿಂತಲ್ಲಿ ಅತಿ ಕಡಿದಾಗಿ ಇಳಿಯುವ ದಿಕ್ಕನ್ನು ತೋರಿಸುತ್ತದೆ.

(0, 0)ಯಿಂದ ಹೊರಟರೆ ಮೊದಲ ದಿಕ್ಕು (5, 5). ಆ ಗೆರೆಯ ಮೇಲಿನ ಅತಿ ತಗ್ಗಿನ ಬಿಂದು (10/7, 10/7). ಅಲ್ಲಿನ ಶೇಷ (−5/7, 5/7). ಈಗ ಆ ಶೇಷದ ದಿಕ್ಕಿನಲ್ಲೇ ನೇರವಾಗಿ ಇಳಿದರೆ (20/21, 40/21) ತಲುಪುತ್ತೇವೆ. ಉತ್ತರ ಹತ್ತಿರವಿದೆ, ಆದರೆ ಸಿಕ್ಕಿಲ್ಲ. ಅಲ್ಲಿನ ಶೇಷ (5/21, 5/21), ಎಂದರೆ ಮೊದಲು ನಡೆದ ದಿಕ್ಕಿನಲ್ಲೇ ಮತ್ತೆ ನಡೆಯಬೇಕು. ಎರಡನೆಯ ಹೆಜ್ಜೆ ಮೊದಲನೆಯದರ ಕೆಲಸವನ್ನು ಸ್ವಲ್ಪ ಕೆಡಿಸಿತು ಎಂಬುದು ನನಗೆ ಸ್ಪಷ್ಟವಾದದ್ದು ಈ ಸಾಲಿನಲ್ಲಿ.

ಕಾಂಜುಗೇಟ್ ಗ್ರೇಡಿಯೆಂಟ್ ಇದನ್ನೇ ತಡೆಯುತ್ತದೆ. ಹೊಸ ಶೇಷಕ್ಕೆ ಹಳೆಯ ದಿಕ್ಕಿನ ಸ್ವಲ್ಪ ಪಾಲನ್ನು, ಇಲ್ಲಿ 1/49ರಷ್ಟನ್ನು, ಕೂಡಿಸಿದಾಗ ದಿಕ್ಕು (−30/49, 40/49) ಆಗುತ್ತದೆ. A ಯಿಂದ ಇದನ್ನು ಗುಣಿಸಿದರೆ (−50/49, 50/49) ಬರುತ್ತದೆ. ಅದಕ್ಕೂ ಮೊದಲ ದಿಕ್ಕಾದ (5, 5)ಕ್ಕೂ ಅಂತರ್ಗುಣಲಬ್ಧ ಸೊನ್ನೆ. ಈ ಸೊನ್ನೆಯ ಅರ್ಥವೇನೆಂದರೆ, ಹೊಸ ದಿಕ್ಕಿನಲ್ಲಿ ಎಷ್ಟು ದೂರ ಹೋದರೂ ಹಳೆಯ ದಿಕ್ಕಿನಲ್ಲಿ ಮಾಡಿ ಮುಗಿಸಿದ ಕೆಲಸ ಕೆಡುವುದಿಲ್ಲ. ಹೆಜ್ಜೆಯ ಉದ್ದ 0.7 ಬರುತ್ತದೆ, ಮತ್ತು ನಾವು ನೇರವಾಗಿ (1, 2) ತಲುಪುತ್ತೇವೆ.

```
r = b - A @ x
p = r.copy()
rr = r @ r
while rr > tol**2 * (b @ b):
    Ap = A @ p
    alpha = rr / (p @ Ap)
    x = x + alpha * p
    r = r - alpha * Ap
    rr_new = r @ r
    p = r + (rr_new / rr) * p
    rr = rr_new
```

ಹಿಂದಿನ ಎಲ್ಲ ದಿಕ್ಕುಗಳನ್ನೂ ನೆನಪಿಡಬೇಕಿಲ್ಲ, ಕೊನೆಯದೊಂದು ಸಾಕು. ಇದನ್ನು ಸಾಧ್ಯವಾಗಿಸುವುದು A ಯ ಸಮ್ಮಿತಿಯೇ, ಮತ್ತು ನಾನು ಎಡವಿದ್ದೂ ಅಲ್ಲಿಯೇ. ಅಂಚಿನ ಬಿಂದುಗಳನ್ನೂ ಸಮೀಕರಣಗಳಲ್ಲಿ ಸೇರಿಸಿ, ಅವುಗಳ ಸಾಲುಗಳಲ್ಲಿ ಕರ್ಣದ ಮೇಲೆ 1, ಉಳಿದೆಡೆ ಸೊನ್ನೆ ಇಟ್ಟಿದ್ದೆ. ನಾಲ್ಕೂ ಅಂಚುಗಳು 0 ಡಿಗ್ರಿಯಲ್ಲಿದ್ದಾಗ ಎಲ್ಲವೂ ಸರಿಯಾಗಿ ನಡೆಯಿತು. ಒಂದು ಅಂಚನ್ನು 100 ಡಿಗ್ರಿಗೆ ಏರಿಸಿದ ಕೂಡಲೇ ಶೇಷ ಏರುತ್ತಾ ಇಳಿಯುತ್ತಾ ಹೋಯಿತು, ಎಷ್ಟು ಸುತ್ತುಗಳಾದರೂ ನೆಲೆ ಕಾಣಲಿಲ್ಲ.

ಎರಡು ದಿನ ನಾನು ಕೋಡಿನ ಸಾಲುಗಳಲ್ಲಿ ತಪ್ಪು ಹುಡುಕಿದೆ. ಕೊನೆಗೆ u, v ಎಂಬ ಎರಡು ಯಾದೃಚ್ಛಿಕ ಸದಿಶಗಳನ್ನು ತೆಗೆದುಕೊಂಡು u·Av ಮತ್ತು v·Au ಗಳನ್ನು ಹೋಲಿಸಿದಾಗ ಅವು ಬೇರೆಬೇರೆಯಾಗಿದ್ದವು. ಅಂಚಿನ ಸಾಲನ್ನು ಸೊನ್ನೆ ಮಾಡಿದ್ದೆನೇ ಹೊರತು ಅದರ ಕಂಬಸಾಲನ್ನು ಹಾಗೇ ಬಿಟ್ಟಿದ್ದೆ. ಅಂಚು 0 ಡಿಗ್ರಿಯಿದ್ದಾಗ ಅಲ್ಲಿನ ಶೇಷ ಮೊದಲಿನಿಂದಲೂ ಸೊನ್ನೆಯಾಗಿದ್ದು, ಕೆಟ್ಟ ಕಂಬಸಾಲು ಲೆಕ್ಕದೊಳಗೆ ಬರಲೇ ಇಲ್ಲ. ಹಾಗಾಗಿ ತಪ್ಪು ಮರೆಯಲ್ಲಿತ್ತು. ಗೊತ್ತಿರುವ ಉಷ್ಣಾಂಶಗಳ ಪಾಲನ್ನು ಬಲಬದಿಗೆ ಸಾಗಿಸಿ, ಕಂಬಸಾಲನ್ನೂ ಸೊನ್ನೆ ಮಾಡಿದ ಮೇಲೆ ಶೇಷ ಇಳಿಯತೊಡಗಿತು. ಈಗ ಯಾವ ಮ್ಯಾಟ್ರಿಕ್ಸ್ ಬಂದರೂ ಈ ಹೋಲಿಕೆಯನ್ನು ಮೊದಲೇ ಮಾಡುತ್ತೇನೆ, ಜೊತೆಗೆ p·Ap ಎಲ್ಲಿಯಾದರೂ ಸೊನ್ನೆಗೋ ಋಣಕ್ಕೋ ಇಳಿದರೆ ಅಲ್ಲಿಯೇ ಲೆಕ್ಕ ನಿಲ್ಲಿಸುತ್ತೇನೆ.

ಸಿದ್ಧಾಂತದ ಪ್ರಕಾರ 40,000 ಅಜ್ಞಾತಗಳಿಗೆ ಹೆಚ್ಚೆಂದರೆ 40,000 ಹೆಜ್ಜೆ ಸಾಕು. ಆದರೆ ಕಂಪ್ಯೂಟರಿನ ಸಂಖ್ಯೆಗಳು ದುಂಡಾಗುವುದರಿಂದ ಆ ಖಚಿತತೆ ಉಳಿಯುವುದಿಲ್ಲ, ಅಷ್ಟು ದೂರ ಹೋಗುವ ಅಗತ್ಯವೂ ಬೀಳುವುದಿಲ್ಲ. ವೇಗವನ್ನು ನಿರ್ಧರಿಸುವುದು ಅತಿ ದೊಡ್ಡ ಮತ್ತು ಅತಿ ಚಿಕ್ಕ ಐಗನ್ ಮೌಲ್ಯಗಳ ಅನುಪಾತ. ನನ್ನ ಜಾಲದಲ್ಲಿ ಅದು ಸುಮಾರು 16,000. ಕಡಿದಾದ ಇಳಿಜಾರನ್ನೇ ಹಿಡಿದು ಹೋಗುವ ವಿಧಾನದ ಹೆಜ್ಜೆಗಳು ಈ ಅನುಪಾತಕ್ಕೆ ತಕ್ಕಂತೆ ಬೆಳೆದರೆ, ಕಾಂಜುಗೇಟ್ ಗ್ರೇಡಿಯೆಂಟಿನ ಹೆಜ್ಜೆಗಳು ಅದರ ವರ್ಗಮೂಲಕ್ಕೆ, ಎಂದರೆ ಸುಮಾರು 128ಕ್ಕೆ, ತಕ್ಕಂತೆ ಬೆಳೆಯುತ್ತವೆ. ಇನ್ನೂ ವೇಗ ಬೇಕೆಂದು ಪ್ರತಿ ಸಾಲನ್ನೂ ಅದರ ಕರ್ಣದ ಸಂಖ್ಯೆಯಿಂದ ಭಾಗಿಸುವ ಪ್ರೀಕಂಡೀಷನರ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ: ಒಳಗಿನ ಬಿಂದುಗಳಿಗೆಲ್ಲ ಕರ್ಣದಲ್ಲಿರುವುದು 4 ಒಂದೇ, ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಬದಲಾಗದು. A ಯನ್ನು ಸರಿಸುಮಾರಾಗಿ ಒಂದು ತ್ರಿಕೋನ ಮ್ಯಾಟ್ರಿಕ್ಸ್ ಮತ್ತು ಅದರ ಸಾಲು-ಕಂಬಸಾಲು ಅದಲುಬದಲಾದ ರೂಪದ ಗುಣಲಬ್ಧವಾಗಿ ಒಡೆಯುವ ಅಪೂರ್ಣ ಚೊಲೆಸ್ಕಿ ವಿಭಜನೆಯನ್ನು ಅಳವಡಿಸಿದಾಗ ಮಾತ್ರ ಹೆಜ್ಜೆಗಳ ಸಂಖ್ಯೆ ನಿಜವಾಗಿ ಕಡಿಮೆಯಾಯಿತು.