ಇಡ್ಲಿ ಗಟ್ಟಿಯಾಗುವುದು ಎಲ್ಲಿಂದ: ಪುಣೆಯ ಚಳಿಗಾಲದಲ್ಲಿ ಕಂಡುಕೊಂಡದ್ದು

ಪುಣೆಗೆ ಬಂದು ನೆಲೆಸಿದ ಮೇಲೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಿಗೆಂದೇ ಇಡ್ಲಿ ಮಾಡುವ ಕ್ರಮವನ್ನು ನಾನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಇಲ್ಲಿಯ ಚಳಿಗಾಲದ ರಾತ್ರಿಗಳಲ್ಲಿ ಹಿಟ್ಟು ನಿಧಾನವಾಗಿ ಹುದುಗುತ್ತದೆ, ಆದ್ದರಿಂದ ಇಡ್ಲಿ ಗಟ್ಟಿಯಾದಾಗ ಎಲ್ಲರೂ ಮೊದಲು ಚಳಿಯನ್ನೇ ದೂರುತ್ತಾರೆ. ಆದರೆ ನಾನು ನೋಡಿದ ಮಟ್ಟಿಗೆ ದೋಷ ಅದಕ್ಕೂ ಮೊದಲೇ, ಉದ್ದು ರುಬ್ಬುವಾಗಲೇ ಸೇರಿಕೊಂಡಿರುತ್ತದೆ.

ಮೇಲಿನ ಮಹಡಿಯಲ್ಲಿರುವ ಧಾರವಾಡದ ಗೆಳತಿ ಒಂದು ಬೆಳಿಗ್ಗೆ ಹಿಟ್ಟಿನ ಪಾತ್ರೆಯನ್ನೇ ಹಿಡಿದುಕೊಂಡು ಬಂದು, “ಹಿಟ್ಟು ಉಬ್ಬೇ ಇಲ್ರಿ ಅಕ್ಕಾ, ಸೋಡಾ ಹಾಕ್ಲೇನ್ರಿ?” ಎಂದು ಕೇಳಿದರು. ಹಿಟ್ಟಿಗೆ ಹುಳಿ ವಾಸನೆ ಚೆನ್ನಾಗಿಯೇ ಬಂದಿತ್ತು, ಮೇಲ್ಗಡೆ ಸಣ್ಣ ಗುಳ್ಳೆಗಳೂ ಇದ್ದವು. ಅಂದರೆ ಹುದುಗುವಿಕೆ ನಡೆದಿತ್ತು. ಹುಟ್ಟಿದ ಗಾಳಿಯನ್ನು ಹಿಡಿದಿಡುವ ಶಕ್ತಿ ಹಿಟ್ಟಿಗೆ ಇರಲಿಲ್ಲ. ಆ ಶಕ್ತಿ ಬರುವುದು ಉದ್ದಿನ ಲೋಳೆ ಮತ್ತು ಪ್ರೋಟೀನಿನಿಂದ. ಹೇಗೆ ರುಬ್ಬಿದಿರಿ ಎಂದು ಕೇಳಿದಾಗ, ನೀರು ಹೆಚ್ಚಾದರೆ ಇಡ್ಲಿ ಚಪ್ಪಟೆಯಾಗುತ್ತದೆಂಬ ಭಯದಿಂದ ತೀರ ಕಡಿಮೆ ನೀರು ಹಾಕಿ, ಮಿಕ್ಸಿಯನ್ನು ನಿಲ್ಲಿಸದೆ ಓಡಿಸಿದ್ದಾಗಿಯೂ ಜಾರು ಬಿಸಿಯಾಗಿದ್ದುದಾಗಿಯೂ ಹೇಳಿದರು. ಅಂಥ ಹಿಟ್ಟಿಗೆ ಸೋಡಾ ಹಾಕಿದರೆ ಇಡ್ಲಿ ಸ್ವಲ್ಪ ಉಬ್ಬೀತು, ರುಚಿ ಕೆಟ್ಟೀತು. ಅದನ್ನು ಪಡ್ಡು ಮಾಡಿ ಮುಗಿಸುವಂತೆ ಹೇಳಿ, ಮುಂದಿನ ವಾರ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಸೇರಿ ರುಬ್ಬಿದೆವು.

ಅಳತೆ ಒಂದು ಬಟ್ಟಲು ಉದ್ದಿಗೆ ಎರಡು ಬಟ್ಟಲು ಇಡ್ಲಿ ರವೆ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಬರೀ ‘ರವಾ’ ಎಂದರೆ ಗೋಧಿ ರವೆ ಕೈಗೆ ಬರುತ್ತದೆ. ಅಕ್ಕಿಯಿಂದ ಮಾಡಿದ ‘ಇಡ್ಲಿ ರವಾ’ ಎಂದೇ ಕೇಳಿ ತರಬೇಕು. ಸಿಪ್ಪೆ ತೆಗೆದ ಇಡೀ ಉದ್ದನ್ನು ಅರ್ಧ ಚಮಚ ಮೆಂತ್ಯದೊಂದಿಗೆ ನಾಲ್ಕೈದು ಗಂಟೆ ನೆನೆಸಿ, ಫ್ರಿಜ್ಜಿನ ತಣ್ಣೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ನಡುನಡುವೆ ಮಿಕ್ಸಿಗೆ ಬಿಡುವು ಕೊಡುತ್ತ ರುಬ್ಬಿದೆವು. ಒಟ್ಟು ಸುಮಾರು ಒಂದೂಕಾಲು ಬಟ್ಟಲು ನೀರು ಹಿಡಿಯಿತು; ಹಳೆಯ ಉದ್ದಾದರೆ ಇಷ್ಟು ಹಿಡಿಯುವುದಿಲ್ಲ. ಬೆರಳುಗಳ ನಡುವೆ ತರಿ ಸಿಗದೆ, ಹಿಟ್ಟು ಬೆಣ್ಣೆಯಂತೆ ಹಗುರವಾಗಿ ಉಬ್ಬಿದಾಗ ಒಂದು ಚಿಕ್ಕ ಉಂಡೆಯನ್ನು ನೀರಿಗೆ ಬಿಟ್ಟೆ. ಅದು ತೇಲಿತು. ಮುಳುಗಿದ್ದರೆ ಇನ್ನಷ್ಟು ರುಬ್ಬಬೇಕಿತ್ತು.

ರವೆಯನ್ನು ತೊಳೆದು ಒಂದು ಗಂಟೆಗೂ ಹೆಚ್ಚು ನೆನೆಸಿಟ್ಟಿದ್ದೆವು. ಅದರ ನೀರನ್ನು ಕೈಯಲ್ಲಿ ಹಿಂಡಿ, ಉಪ್ಪಿನೊಂದಿಗೆ ಉದ್ದಿನ ಹಿಟ್ಟಿಗೆ ಹಾಕಿ ಕೈಯಿಂದಲೇ ಕಲಸಿದೆ. ಹದ ಹೀಗಿರಬೇಕು: ಸೌಟಿನಿಂದ ಬಿಟ್ಟಾಗ ಹಿಟ್ಟು ನೀರಾಗಿ ಹರಿಯದೆ, ಉಂಡೆಯಾಗಿಯೂ ಬೀಳದೆ, ದಪ್ಪವಾಗಿ ಜಾರಿ ಪಾತ್ರೆಯ ಹಿಟ್ಟಿನ ಮೇಲೆ ಒಂದು ಕ್ಷಣ ಗುಡ್ಡೆಯಾಗಿ ನಿಂತು ಬೆರೆಯಬೇಕು. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬದೆ, ಉಣ್ಣೆಯ ಶಾಲು ಸುತ್ತಿ, ಆರಿಸಿದ ಓವನ್ನಿನೊಳಗಿಟ್ಟು, ಅದರ ಬಲ್ಬನ್ನು ಮಾತ್ರ ಹಚ್ಚಿಟ್ಟೆವು. ಬೇಸಿಗೆಯಲ್ಲಿ ಎಂಟು ಗಂಟೆ ಸಾಕಾಗುವ ಕೆಲಸಕ್ಕೆ ಆ ಸಲ ಹದಿನಾಲ್ಕು ಗಂಟೆ ಬೇಕಾಯಿತು. ಚಳಿಗಾಲದಲ್ಲಿ ಗಡಿಯಾರಕ್ಕಿಂತ ಹಿಟ್ಟಿನ ಮಟ್ಟವನ್ನೇ ನಂಬಬೇಕು. ಅದು ಸುಮಾರು ಎರಡರಷ್ಟಾಗುವವರೆಗೆ ಕಾಯುವುದು ಮೇಲು.

ಹುದುಗಿದ ಹಿಟ್ಟನ್ನು ಜೋರಾಗಿ ತಿರುವಿದರೆ ರಾತ್ರಿಯಿಡೀ ಸೇರಿದ ಗಾಳಿ ಹೊರಟುಹೋಗುತ್ತದೆ. ನಾನು ಪಾತ್ರೆಯ ಬದಿಯಿಂದ ಮೆಲ್ಲಗೆ ತೋಡಿ, ಎಣ್ಣೆ ಸವರಿದ ತಟ್ಟೆಗಳಿಗೆ ಹಾಕುತ್ತೇನೆ. ಕುಕ್ಕರಿನಲ್ಲಿ ಎರಡು ಬೆರಳಷ್ಟು ನೀರು ಕುದಿದು ಹಬೆ ತುಂಬಿದ ಮೇಲಷ್ಟೇ ತಟ್ಟೆಗಳನ್ನಿಟ್ಟು, ವೆಯ್ಟ್ ಹಾಕದೆ ಹತ್ತರಿಂದ ಹನ್ನೆರಡು ನಿಮಿಷ ಬೇಯಿಸುತ್ತೇನೆ. ತಣ್ಣೀರಿನಲ್ಲಿಟ್ಟು ಕಾಯಿಸಿದರೆ ಹಿಟ್ಟು ಉಬ್ಬುವ ಮೊದಲೇ ಕೆಳಗೆ ಕೂರುತ್ತದೆ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಇಪ್ಪತ್ತು ನಿಮಿಷದವರೆಗೆ ಬಿಟ್ಟರೆ ಮೇಲ್ಪದರ ಒಣಗಿ ಆರಿದೊಡನೆ ಬಿರುಸಾಗುತ್ತದೆ. ಒಲೆ ಆರಿಸಿ ಐದು ನಿಮಿಷ ಬಿಟ್ಟು, ಒದ್ದೆ ಚಮಚದಿಂದ ತೆಗೆದರೆ ಇಡ್ಲಿ ಮುರಿಯುವುದಿಲ್ಲ.

ಗಟ್ಟಿಯಾದ ಇಡ್ಲಿ ಕೈಗೆ ಬಂದರೆ ಅದನ್ನು ಮುರಿದು ನೋಡುವುದು ನನ್ನ ರೂಢಿ. ಒಳಗೆ ರಂಧ್ರಗಳಿಲ್ಲದೆ ಅಂಟಂಟಾಗಿದ್ದರೆ ಉದ್ದು ಸರಿಯಾಗಿ ಉಬ್ಬಿಲ್ಲ, ಇಲ್ಲವೇ ಹಿಟ್ಟು ಹುದುಗಿಲ್ಲ. ಪುಡಿಪುಡಿಯಾಗಿ ಉದುರಿದರೆ ರವೆ ಹೆಚ್ಚಾಗಿದೆ ಅಥವಾ ನೆನೆದಿಲ್ಲ. ಒಳಗೆ ಮೆತ್ತಗಿದ್ದು ಹೊರಗೆ ಮಾತ್ರ ಚರ್ಮ ಕಟ್ಟಿದ್ದರೆ ಬೇಯಿಸಿದ್ದು ಹೆಚ್ಚಾಗಿದೆ. ಗೆಳತಿ ಹಿಂದೆ ಮಾಡುತ್ತಿದ್ದ ಇಡ್ಲಿಗಳು ಮೊದಲನೆಯ ಬಗೆಯವು. ಈ ಸಲದವು ಮುರಿದಾಗ ಒಳಗೆಲ್ಲ ಸಣ್ಣ ರಂಧ್ರಗಳಿದ್ದವು, ಬೆರಳಿನಿಂದ ಒತ್ತಿ ಬಿಟ್ಟರೆ ಮತ್ತೆ ಮೇಲೇಳುತ್ತಿದ್ದವು.