ಮೊದಲ ಕ್ವಾರ್ಟರ್ ನೋಡಿ ಮೋಸ ಹೋಗಬೇಡಿ: ಬಾಸ್ಕೆಟ್‌ಬಾಲ್ ಲೈವ್ ಟೋಟಲ್‌ಗೆ ಹೊಸದಾಗಿ ಬಂದವರಿಗೆ

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡೋಣ. ಅಮೆರಿಕದಲ್ಲಿ ಬೆಟ್ಟಿಂಗ್ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಬಹುತೇಕ ಕಡೆ ವಯಸ್ಸು 21 ಆಗಿರಬೇಕು, ಗೆದ್ದ ದುಡ್ಡಿಗೆ ತೆರಿಗೆ ಉಂಟು. ನಿಮ್ಮ ರಾಜ್ಯದಲ್ಲಿ ಇಲ್ಲ ಅಂದರೆ ಇಲ್ಲ, ಅಡ್ಡದಾರಿ ಹುಡುಕಬೇಡಿ. ಕಳೆದುಕೊಂಡರೆ ನಿದ್ದೆ ಕೆಡುವಂಥ ದುಡ್ಡನ್ನು ಮುಟ್ಟಲೇಬೇಡಿ.

ಈಗ ನನ್ನ ದಡ್ಡತನಕ್ಕೆ ಬರುತ್ತೇನೆ. ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಹತ್ತು ಓವರಿಗೆ ಎಂಬತ್ತು ಅಂದ ಕೂಡಲೇ ಇಪ್ಪತ್ತಕ್ಕೆ ಎಷ್ಟು ಅಂತ ತಲೆ ತಾನಾಗಿ ಲೆಕ್ಕ ಹಾಕಿಬಿಡುತ್ತದೆ. ಅದೇ ಚಟವನ್ನು ಹೊತ್ತುಕೊಂಡು ಎನ್‌ಬಿಎ ಮುಂದೆ ಕೂತೆ. ಮೊದಲ ಕ್ವಾರ್ಟರಿನಲ್ಲಿ ಎರಡೂ ತಂಡ ಸೇರಿ 66 ಪಾಯಿಂಟ್. ನಾಲ್ಕರಿಂದ ಗುಣಿಸಿದೆ, 264! ಲೈವ್ ಲೈನ್, ಅಂದರೆ ಆಟ ನಡೆಯುತ್ತಿರುವಾಗಲೇ ಒಟ್ಟು ಪಾಯಿಂಟಿಗೆ ಬೆಟ್ಟಿಂಗ್ ಕಂಪನಿ ಎಳೆಯುವ ಗೆರೆ, ಇದ್ದದ್ದು 243.5. ಪುಕ್ಕಟೆ ದುಡ್ಡು ಅಂದುಕೊಂಡು ಓವರ್ ಹಾಕಿದೆ, ಅಂದರೆ ಮೊತ್ತ ಆ ಗೆರೆ ದಾಟುತ್ತದೆ ಅಂತ. ಆಟ ಮುಗಿದಾಗ ಮೊತ್ತ 240ಕ್ಕೂ ಮುಟ್ಟಿರಲಿಲ್ಲ. ಒಂದು ಸಲ ಅಲ್ಲ, ಇಡೀ ಒಂದು ಸೀಸನ್ ಹೀಗೇ ಮಾಡಿದೆ.

ಏನು ತಪ್ಪಿತು? ಪಾಯಿಂಟ್ ಎರಡು ಕಾರಣಕ್ಕೆ ಏರುತ್ತದೆ. ಆಟ ವೇಗವಾಗಿ ನಡೆದು ಪೊಸೆಷನ್, ಅಂದರೆ ಒಂದು ತಂಡದ ಕೈಗೆ ಚೆಂಡು ಸಿಕ್ಕುವ ಸರದಿ, ಹೆಚ್ಚಾಗಬಹುದು, ಇಲ್ಲವೇ ಅಷ್ಟೇ ಪೊಸೆಷನ್‌ನಲ್ಲಿ ಹೊಡೆದದ್ದೆಲ್ಲ ಬುಟ್ಟಿಗೆ ಬೀಳಬಹುದು. ವೇಗ ಸ್ವಲ್ಪಮಟ್ಟಿಗೆ ಮುಂದಕ್ಕೂ ಉಳಿಯುತ್ತದೆ, ಯಾಕೆಂದರೆ ಅದು ತಂಡಗಳು ಆಡುವ ರೀತಿಯಿಂದ ಬಂದದ್ದು. ಆದರೆ ದೂರದ ಶಾಟುಗಳು ಸಾಲಾಗಿ ಬಿದ್ದದ್ದು ಆ ಹನ್ನೆರಡು ನಿಮಿಷದ ಅದೃಷ್ಟ, ಮುಂದಿನ ಕ್ವಾರ್ಟರಿಗೆ ಅದನ್ನು ಹೊತ್ತುಕೊಂಡು ಹೋಗುವ ಹಾಗಿಲ್ಲ. ಇವೆರಡನ್ನು ಬೇರ್ಪಡಿಸಲು ಬಾಕ್ಸ್ ಸ್ಕೋರ್ ಸಾಕು:

```
FGA - OREB + TO + 0.44 × FTA
```

ಹೊಡೆದ ಶಾಟುಗಳಿಂದ ಆಫೆನ್ಸಿವ್ ರೀಬೌಂಡ್, ಅಂದರೆ ತಪ್ಪಿದ ಶಾಟಿನ ಚೆಂಡನ್ನು ಅದೇ ತಂಡ ಮತ್ತೆ ಹಿಡಿದದ್ದು, ಕಳೆಯಿರಿ, ಶಾಟ್ ಹೊಡೆಯುವ ಮೊದಲೇ ಚೆಂಡು ಕಳೆದುಕೊಂಡ ಟರ್ನೋವರ್ ಕೂಡಿಸಿ, ಫ್ರೀ ಥ್ರೋಗಳ ನೂರಕ್ಕೆ ನಲವತ್ನಾಲ್ಕು ಭಾಗ ಕೂಡಿಸಿ. ಎರಡೂ ತಂಡದ್ದನ್ನು ಒಟ್ಟಿಗೆ ಹಾಕಿದರೆ ಮಾಮೂಲಿ ಎನ್‌ಬಿಎ ಕ್ವಾರ್ಟರಿಗೆ ಸುಮಾರು 49 ಅಥವಾ 50 ಪೊಸೆಷನ್ ಬರುತ್ತದೆ. ಒಂದೊಂದಕ್ಕೆ ಸರಾಸರಿ 1.15 ಪಾಯಿಂಟ್ ಅಂತ ಹಿಡಿಯಿರಿ.

ಆ ಆಟದ ಮೊದಲ ಕ್ವಾರ್ಟರಿನಲ್ಲಿ 46 ಶಾಟ್, 8 ಆಫೆನ್ಸಿವ್ ರೀಬೌಂಡ್, 6 ಟರ್ನೋವರ್, 10 ಫ್ರೀ ಥ್ರೋ. ಲೆಕ್ಕ 48ಕ್ಕೆ ನಿಲ್ಲುತ್ತದೆ. ಅಂದರೆ ವೇಗ ಮಾಮೂಲಿಗಿಂತ ಒಂದು ಕೂದಲು ಕಡಿಮೆಯೇ ಇತ್ತು, ಶಾಟುಗಳು ಬಿದ್ದವು ಅಷ್ಟೆ. ಆಟಕ್ಕೆ ಮುಂಚಿನ ಲೈನ್ 228 ಇದ್ದರೆ ಉಳಿದ ಮೂರು ಕ್ವಾರ್ಟರಿಗೆ 171. ಅದಕ್ಕೆ 66 ಸೇರಿಸಿದರೆ 237. ನಾನು 243.5ಕ್ಕೆ ಓವರ್ ಹಾಕಿ ಕೂತಿದ್ದೆ!

ಇನ್ನೊಂದು ಆಟ ನೋಡಿ, ಮುಂಚಿನ ಲೈನ್ ಅದೇ 228. ಮೊದಲ ಕ್ವಾರ್ಟರಿಗೆ ಪಾಯಿಂಟ್ 63 ಮಾತ್ರ, ಆದರೆ ಪೊಸೆಷನ್ 56. ಇಲ್ಲಿ ವೇಗ ನಿಜವಾದದ್ದು. ಹೆಚ್ಚಿಗೆ ಬಂದ ಆರೂವರೆ ಪೊಸೆಷನ್‌ನಲ್ಲಿ ಮೂರನೇ ಒಂದು ಭಾಗ ಮುಂದೆಯೂ ಉಳಿಯುತ್ತದೆ ಅಂತ ನಾನು ಇಟ್ಟುಕೊಳ್ಳುತ್ತೇನೆ. ಇದು ನನ್ನ ಕೈಯಳತೆ, ಶಾಸ್ತ್ರವಲ್ಲ. ಕ್ವಾರ್ಟರಿಗೆ ಎರಡು ಪೊಸೆಷನ್ ಅಂದರೆ ಮೂರು ಕ್ವಾರ್ಟರಿಗೆ ಸುಮಾರು 7 ಪಾಯಿಂಟ್. 63, 171, 7 ಸೇರಿ 241. ಕಡಿಮೆ ಪಾಯಿಂಟ್ ಬಂದ ಆಟಕ್ಕೇ ಹೆಚ್ಚಿನ ಮೊತ್ತ ನಿರೀಕ್ಷಿಸಬೇಕು ಅನ್ನುವುದು ನನ್ನ ಕ್ರಿಕೆಟ್ ತಲೆಗೆ ಇಳಿಯಲು ಎರಡು ವರ್ಷ ಬೇಕಾಯಿತು.

ಒಂದೇ ಕ್ವಾರ್ಟರಿನ ಮೊತ್ತಕ್ಕೆ ಬೆಟ್ ಹಾಕುವ ಕ್ವಾರ್ಟರ್ ಮಾರ್ಕೆಟ್ಟಿನಲ್ಲಿ ಇನ್ನೊಂದು ಬಲೆ ಇದೆ, ಫೌಲ್. ಒಂದು ತಂಡ ಕ್ವಾರ್ಟರಿನಲ್ಲಿ ಐದನೇ ಫೌಲ್ ಮಾಡಿತು ಅಂದರೆ ಅಲ್ಲಿಂದ ಮುಂದೆ ಸಣ್ಣಪುಟ್ಟ ಫೌಲಿಗೂ ಎದುರಾಳಿಗೆ ಫ್ರೀ ಥ್ರೋ. ಆರು ನಿಮಿಷ ಬಾಕಿ ಇರುವಾಗಲೇ ಹೀಗಾದರೆ ಆ ಕ್ವಾರ್ಟರಿನ ಟೋಟಲ್ ಏರುವುದು ನ್ಯಾಯ. ಆದರೆ ಮುಂದಿನ ಕ್ವಾರ್ಟರಿನಲ್ಲಿ ಫೌಲ್ ಲೆಕ್ಕ ಸೊನ್ನೆಯಿಂದ ಶುರು. ಇನ್ನು ಓವರ್‌ಟೈಮ್: ಸಾಮಾನ್ಯವಾಗಿ ಎರಡನೇ ಹಾಫಿನ ಬೆಟ್‌ಗೆ ಅದು ಸೇರುತ್ತದೆ, ನಾಲ್ಕನೇ ಕ್ವಾರ್ಟರಿನದಕ್ಕೆ ಸೇರುವುದಿಲ್ಲ. ಆ ಒಂದು ಸಾಲು ನಿಯಮ ಓದದೆ, ಗೆದ್ದೆ ಅಂತ ಮನೆಯವರನ್ನೆಲ್ಲ ಎಬ್ಬಿಸಿ ಕೂಗಾಡಿದವನು ನಾನು.

ಈಗ ಗಾರ್ಬೇಜ್ ಟೈಮ್. ಫಲಿತಾಂಶ ತೀರ್ಮಾನವಾದ ಮೇಲೆ ಮುಖ್ಯ ಆಟಗಾರರನ್ನು ಕೂರಿಸಿ ಉಳಿದವರನ್ನು ಇಳಿಸುವ ಹೊತ್ತು. ಕ್ಲೀನಿಂಗ್ ದ ಗ್ಲಾಸ್ ಅನ್ನುವ ಅಂಕಿಅಂಶ ತಾಣ ಇದಕ್ಕೆ ಒಂದು ಗೆರೆ ಎಳೆದಿದೆ. ನಾಲ್ಕನೇ ಕ್ವಾರ್ಟರಿನಲ್ಲಿ 12ರಿಂದ 9 ನಿಮಿಷ ಬಾಕಿ ಇರುವಾಗ ಅಂತರ ಕನಿಷ್ಠ 25, 9ರಿಂದ 6ರವರೆಗೆ 20, ಆಮೇಲೆ 10 ಇರಬೇಕು. ಜೊತೆಗೆ ಎರಡೂ ತಂಡ ಸೇರಿ ಅಂಗಳದಲ್ಲಿ ಇಬ್ಬರಿಗಿಂತ ಹೆಚ್ಚು ಸ್ಟಾರ್ಟರ್‌ಗಳು ಇರಬಾರದು.

ಸ್ಕೋರ್ 108–84, ಏಳು ನಿಮಿಷ ಬಾಕಿ ಅಂತಿಟ್ಟುಕೊಳ್ಳಿ. ಮಾಮೂಲಿ ವೇಗದಲ್ಲಿ ಪೊಸೆಷನ್ನಿಗೆ ಹದಿನಾಲ್ಕೂವರೆ ಸೆಕೆಂಡ್, 29 ಪೊಸೆಷನ್, 33 ಪಾಯಿಂಟ್. ಮುಂದಿರುವ ತಂಡ ನಡೆದುಕೊಂಡೇ ಚೆಂಡು ತಂದು ಗಡಿಯಾರ ಸವೆಸಿದರೆ ಸರಾಸರಿ ಹದಿನಾರೂವರೆಗೆ ಏರುತ್ತದೆ. ಆಗ 25 ಪೊಸೆಷನ್, ಬೆಂಚಿನ ಹುಡುಗರ ಕೈಗೆ 1.05ರಂತೆ 26 ಪಾಯಿಂಟ್. ಏಳು ಪಾಯಿಂಟ್ ಮಾಯ. ಕೊನೆಯಲ್ಲಿ ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುವುದೂ ಇರುವುದಿಲ್ಲ.

ಇದನ್ನು ಕಲಿತು, ಅಂತರ 20 ದಾಟಿದ ಕೂಡಲೇ, ಮೊತ್ತ ಲೈನಿನ ಕೆಳಗೇ ಉಳಿಯುತ್ತದೆ ಅಂತ ಕಣ್ಣು ಮುಚ್ಚಿ ಅಂಡರ್ ಹಾಕತೊಡಗಿದೆ. ಅದೂ ಮುಳುಗಿಸಿತು. ಕೆಲವು ಸಲ ಬೆಂಚಿನ ಹುಡುಗರಿಗೆ ತಮ್ಮನ್ನು ತೋರಿಸಿಕೊಳ್ಳುವ ತವಕ, ಡಿಫೆನ್ಸ್ ಮಾಡುವವರೇ ಇಲ್ಲ, ಓಡಿ ಓಡಿ ಹೊಡೆಯುತ್ತಾರೆ. ಹಾಗಾಗಿ ಈಗ ಮೊದಲ ಮೂರು ನಾಲ್ಕು ಪೊಸೆಷನ್ ಸುಮ್ಮನೆ ನೋಡುತ್ತೇನೆ. ಮುಂದಿರುವ ತಂಡ ಶಾಟ್ ಹೊಡೆದಾಗ 24 ಸೆಕೆಂಡಿನ ಗಡಿಯಾರದಲ್ಲಿ ಎಷ್ಟು ಉಳಿದಿತ್ತು? ಐದಾರು ಅಂದರೆ ಸವೆಸುತ್ತಿದ್ದಾರೆ. ಹದಿನೈದು ಹದಿನಾರು ಅಂದರೆ ಅಂಡರ್ ಕಡೆ ತಲೆ ಹಾಕುವುದಿಲ್ಲ. ಬೆಂಚಿನಲ್ಲಿ ಸ್ಟಾರ್ಟರ್‌ಗಳು ಮೊಣಕಾಲಿಗೆ ಐಸ್ ಕಟ್ಟಿಕೊಂಡರೋ, ಇನ್ನೂ ಕೋಚ್ ಮುಖ ನೋಡುತ್ತಿದ್ದಾರೋ ಅದನ್ನೂ ಗಮನಿಸಿ. ಅಂತರ 12ಕ್ಕೆ ಇಳಿದರೆ ಅವರು ಮತ್ತೆ ಬರುತ್ತಾರೆ, ಒಂದೂವರೆ ನಿಮಿಷ ಬಾಕಿ ಇರುವಾಗ 8ಕ್ಕೆ ಇಳಿದರೆ ಫೌಲುಗಳ ಸಾಲೇ ಶುರು. ಅಂಡರ್ ಹಾಕಿದವನಿಗೆ ಅದಕ್ಕಿಂತ ಉದ್ದದ ತೊಂಬತ್ತು ಸೆಕೆಂಡ್ ಇಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಲಾಭ ತೆಳು. 100 ಗೆಲ್ಲಲು 110 ಇಡಬೇಕಾದಾಗ ನೂರಕ್ಕೆ 52ಕ್ಕಿಂತ ಹೆಚ್ಚು ಸಲ ಸರಿ ಹೇಳಬೇಕು, ಕ್ವಾರ್ಟರ್ ಮಾರ್ಕೆಟ್ಟಿನಲ್ಲಿ ಬೆಟ್ಟಿಂಗ್ ಕಂಪನಿಯವರ ಕಡಿತ ಇನ್ನೂ ಜಾಸ್ತಿ ಇರುತ್ತದೆ. ನಿಮ್ಮ ಟಿವಿಗೆ ಆಟ ಬರುವ ಮೊದಲೇ ಅವರಿಗೆ ಸ್ಕೋರ್ ಬಂದಿರುತ್ತದೆ ಅನ್ನುವುದೂ ನೆನಪಿರಲಿ.

ಗಡಿಯಾರ ನೋಡುವ ಉಪಾಯ ಹೇಳಿಕೊಟ್ಟದ್ದು ನನ್ನ ಮಗ. ಇಲ್ಲೇ ಹುಟ್ಟಿದವನು, ಶಾಲೆಯ ತಂಡದಲ್ಲಿ ಆಡುತ್ತಾನೆ. ನಾನು ಅವನ ಪಕ್ಕ ಕೂತು ಈ ಆಟ ನೋಡತೊಡಗಿದ್ದೇ ಅವನ ಜೊತೆ ಮಾತಾಡಲು ಒಂದು ವಿಷಯ ಸಿಗಲಿ ಅಂತ. ಕ್ರಿಕೆಟ್ ಅವನಿಗೆ ಹತ್ತಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಹೋದ ತಿಂಗಳು ಅವನ ಶಾಲೆಯ ಆಟ ಮುಗಿಸಿ ಕಾರಿನಲ್ಲಿ ಬರುವಾಗ ಕೇಳಿದ, "ಅಪ್ಪಾ, ಮೂರನೇ ಕ್ವಾರ್ಟರಿನಲ್ಲಿ ನಾನು ಕೊಟ್ಟ ಪಾಸ್ ನೋಡಿದ್ಯಾ?"

ಆ ಕ್ವಾರ್ಟರಿನಲ್ಲಿ ಒಟ್ಟು 31 ಪಾಯಿಂಟ್ ಬಂದಿತ್ತು. ನನಗೆ ಅಷ್ಟು ಮಾತ್ರ ಗೊತ್ತಿತ್ತು.