ಫೋನ್ ಬರದೆ ಸೈಟ್ ಎದ್ದಿತು: ಕ್ಲಬ್‌ನ ರೀಡ್‌ಮಿ ಬರೆದ ನನ್ನ ಅನುಭವ

ನಮ್ಮ ಕೋಡಿಂಗ್ ಕ್ಲಬ್‌ನ ವೆಬ್‌ಸೈಟ್‌ಗೆ ಅದನ್ನು ಓಡಿಸುವ ದಾರಿ ಹೇಳುವ ರೀಡ್‌ಮಿ ಬರೆಯುತ್ತೇನೆಂದು ನಾನು ಹೇಳಿದಾಗ, ನನ್ನ ಬ್ಯಾಚ್‌ನವರೇ ನಕ್ಕಿದ್ದರು. "ರೀಡ್‌ಮಿ ಯಾರು ಓದ್ತಾರೆ ಮಾರಾಯ್ತಿ, ಒಂದು ಫೋನ್ ಮಾಡಿದ್ರೆ ಆಯ್ತಲ್ಲ" ಎಂಬುದು ಅವರ ವಾದವಾಗಿತ್ತು. ಆ ಫೋನ್‌ಗಳೆಲ್ಲ ಬರುತ್ತಿದ್ದದ್ದು ನನಗೆ, ಅದರಲ್ಲೂ ಇಂಟರ್ನಲ್ಸ್ ನಡೆಯುತ್ತಿರುವ ವಾರದಲ್ಲಿ, ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಳೆದ ವರ್ಷ ಹೊಸದಾಗಿ ಸೇರಿದ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಯಾರನ್ನೂ ಕೇಳದೆ ಸೈಟನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ, ಅದೇ ವಾರ ಒಂದೊಂದು ಬದಲಾವಣೆಯನ್ನು ಲೈವ್ ಕೂಡ ಮಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹಳೆಯ ರೀಡ್‌ಮಿ ಇರಲಿಲ್ಲವೆಂದಲ್ಲ. ಸೈಟ್ ಮೊದಲು ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿತ್ತು, ಆಮೇಲೆ ಯಾರೋ ಅದನ್ನು ವೀಟ್‌ಗೆ ಬದಲಾಯಿಸಿದ್ದರು, ಆದರೆ ರೀಡ್‌ಮಿಯನ್ನು ಮುಟ್ಟಿರಲಿಲ್ಲ. ಹಾಗಾಗಿ ಅದು `npm start` ಎನ್ನುತ್ತಿತ್ತು, `package.json`ನಲ್ಲಿ ಆ ಹೆಸರಿನ ಸ್ಕ್ರಿಪ್ಟೇ ಇರಲಿಲ್ಲ. ಹೊಸಬರು ಮೊದಲ ನಿಮಿಷದಲ್ಲೇ `Missing script: "start"` ಎಂಬ ಸಾಲನ್ನು ಕಂಡು, ತಪ್ಪು ತಮ್ಮದೇ ಎಂದುಕೊಂಡು, ಕ್ಲಬ್ಬಿನ ಕಡೆ ಮತ್ತೆ ತಲೆ ಹಾಕುತ್ತಿರಲಿಲ್ಲ. ನನ್ನ ಅನುಭವದಲ್ಲಿ ರೀಡ್‌ಮಿ ಇಲ್ಲದಿರುವುದಕ್ಕಿಂತ ಸುಳ್ಳು ಹೇಳುವ ರೀಡ್‌ಮಿ ಹೆಚ್ಚು ಜನರನ್ನು ಓಡಿಸಿದೆ.

ಮೊದಲ ಸಲ ನಾನು ಬರೆದದ್ದು ನನಗೆ ಗೊತ್ತಿದ್ದುದನ್ನೆಲ್ಲ ತುಂಬಿದ ಆರೇಳು ಪುಟಗಳ ಪುರಾಣ. ಫೋಲ್ಡರ್ ರಚನೆ, ಕಾಂಪೊನೆಂಟ್‌ಗಳ ಚಿತ್ರ, ಬಣ್ಣಗಳ ಪಟ್ಟಿ ಎಲ್ಲವೂ ಅದರಲ್ಲಿತ್ತು. ಅದನ್ನು ಕೊಟ್ಟ ಮೂವರಲ್ಲಿ ಒಬ್ಬರೂ ಸೈಟ್ ಓಡಿಸಲಿಲ್ಲ. ಎರಡನೆಯ ಸಲ ವಿಧಾನವನ್ನೇ ಬದಲಿಸಿದೆ. ಏನೂ ಇನ್‌ಸ್ಟಾಲ್ ಆಗಿರದ ಲ್ಯಾಪ್‌ಟಾಪಿನ ಮುಂದೆ ಎರಡನೇ ಸೆಮಿಸ್ಟರಿನ ಹುಡುಗಿಯೊಬ್ಬಳನ್ನು ಕೂರಿಸಿ, ನಾನು ಅವಳ ಹಿಂದೆ ನೋಟ್‌ಬುಕ್ ಹಿಡಿದು ಕುಳಿತೆ. ಬಾಯಿ ತೆರೆಯಬಾರದೆಂಬುದು ನನಗೆ ನಾನೇ ಹಾಕಿಕೊಂಡ ಷರತ್ತು. ಅವಳು ಎಲ್ಲಿ ನಿಂತಳೋ, ಎಲ್ಲಿ ಹೊಸ ಟ್ಯಾಬ್ ತೆರೆದು ಹುಡುಕಿದಳೋ, ಅಲ್ಲೆಲ್ಲ ಒಂದು ಗೆರೆ ಎಳೆದೆ. ಎರಡು ಗಂಟೆಯಲ್ಲಿ ಸುಮಾರು ಹದಿನೇಳು ಗೆರೆಗಳಾದವು. ಈಗಿನ ರೀಡ್‌ಮಿ ಹುಟ್ಟಿದ್ದು ಆ ನೋಟ್‌ಬುಕ್ಕಿನಿಂದಲೇ.

ಅದರಲ್ಲಿ ಮೊದಲ ಗೆರೆ ಬಿದ್ದದ್ದು ಕೋಡ್ ತಲುಪುವುದಕ್ಕೂ ಮುಂಚೆ. ವಿಂಡೋಸಿನ ಪವರ್‌ಶೆಲ್‌ನಲ್ಲಿ `npm` ಎಂದು ಹೊಡೆದರೆ, `running scripts is disabled on this system` ಎಂಬ ಕೆಂಪು ಸಾಲು ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಉಪಾಯ ಎಕ್ಸಿಕ್ಯೂಶನ್ ಪಾಲಿಸಿ ಬದಲಿಸುವುದು, ಆದರೆ ಹೊಸಬರ ಕೈಯಲ್ಲಿ ಅದನ್ನು ಮಾಡಿಸಲು ನನಗೆ ಮನಸ್ಸಿರಲಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆಯಿರಿ, ಪವರ್‌ಶೆಲ್ ಬೇಡ ಎಂಬ ಒಂದೇ ಸಾಲನ್ನು ರೀಡ್‌ಮಿಯ ನೆತ್ತಿಯ ಮೇಲೆ ಬರೆದೆ. ಎರಡನೆಯದು ಸೈಟ್ ಓಡಲು ಬೇಕಾದ ನೋಡ್ ಜೆಎಸ್‌ನ ಆವೃತ್ತಿ. ಆಗ ಸೈಟ್ ಇದ್ದದ್ದು ವೀಟ್ 5ರಲ್ಲಿ, ಅದಕ್ಕೆ ಕನಿಷ್ಠ ನೋಡ್ 18 ಬೇಕು, ಲ್ಯಾಬಿನ ಕಂಪ್ಯೂಟರುಗಳಲ್ಲಿ ಇದ್ದದ್ದು 16. ಅಲ್ಲಿ ಓಡಿಸಿದರೆ `crypto$2.getRandomValues is not a function` ಎಂಬ ಸಂದೇಶ ಬರುತ್ತದೆ. ಅದನ್ನು ಓದಿ ನೋಡ್ ಹಳೆಯದೆಂದು ಊಹಿಸುವುದು ಹೊಸಬರಿಂದ ಸಾಧ್ಯವಿಲ್ಲದ ಮಾತು. ಆದ್ದರಿಂದ ರೀಡ್‌ಮಿಯಲ್ಲಿ ಕಾರಣ ವಿವರಿಸುವ ಬದಲು ಆ ಸಂದೇಶವನ್ನೇ ಅಕ್ಷರಶಃ ಅಂಟಿಸಿ, ಅದರ ಕೆಳಗೆ ಪರಿಹಾರ ಬರೆದೆ. ಸಿಕ್ಕಿಕೊಂಡವರು ಪರದೆಯಲ್ಲಿ ಕಂಡದ್ದನ್ನೇ ನಕಲು ಮಾಡಿ ಹುಡುಕುತ್ತಾರೆ, ಹುಡುಕಿದಾಗ ನಮ್ಮ ರೀಡ್‌ಮಿಯೊಳಗೇ ಅದು ಸಿಗಬೇಕು.

ಓಡಿಸುವ ಭಾಗ ಈಗ ಇಷ್ಟೇ ಇದೆ:

```
node -v
npm ci
copy .env.example .env
npm run dev
```

ಪ್ರತಿ ಸಾಲಿನ ಕೆಳಗೂ, ಸರಿಯಾಗಿದ್ದರೆ ಏನು ಕಾಣಬೇಕೆಂದು ಒಂದು ವಾಕ್ಯವಿದೆ. `node -v` ಹೊಡೆದಾಗ 20 ಅಥವಾ ಅದಕ್ಕಿಂತ ದೊಡ್ಡದರಿಂದ ಶುರುವಾಗುವ ಸಂಖ್ಯೆ, ಕೊನೆಯಲ್ಲಿ `http://localhost:5173` ಎಂಬ ವಿಳಾಸ, ಹೀಗೆ. ನನ್ನ ಮಟ್ಟಿಗೆ ಇಡೀ ರೀಡ್‌ಮಿಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದವು ಈ ವಾಕ್ಯಗಳೇ, ಏಕೆಂದರೆ ಎಲ್ಲಿ ಹಳಿ ತಪ್ಪಿತೆಂಬುದು ಮೂರನೇ ಹೆಜ್ಜೆಗೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ.

ಮೂರನೆಯ ಸಾಲಿನ ಹಿಂದೆ ಒಂದು ಕಥೆಯಿದೆ. ಕಾರ್ಯಕ್ರಮಗಳ ಪಟ್ಟಿಯನ್ನು ನಾವು ಒಂದು ಶೀಟ್‌ನಲ್ಲಿ ತುಂಬುತ್ತೇವೆ, ಸೈಟ್ ಅದರ ಸಿಎಸ್‌ವಿ ಕೊಂಡಿಯನ್ನು `VITE_SHEET_URL` ಎಂಬ ಹೆಸರಿನಿಂದ ಓದಿಕೊಳ್ಳುತ್ತದೆ. ಆ ಹುಡುಗಿ ನೋಟ್‌ಪ್ಯಾಡಿನಲ್ಲಿ `.env` ಬರೆದು ಸೇವ್ ಮಾಡಿದಳು, ನೋಟ್‌ಪ್ಯಾಡ್ ಅದನ್ನು ಸದ್ದಿಲ್ಲದೆ `.env.txt` ಮಾಡಿತು. ವಿಂಡೋಸ್ ಆ ಬಾಲವನ್ನು ಮುಚ್ಚಿಡುವುದರಿಂದ ಫೋಲ್ಡರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಸೈಟ್ ತೆರೆಯಿತು, ಯಾವ ದೋಷವೂ ಬರಲಿಲ್ಲ, ಆದರೆ ಮುಂಬರುವ ಕಾರ್ಯಕ್ರಮಗಳ ಮೊದಲ ಕಾರ್ಡಿನಲ್ಲಿ ಕಾರ್ಯಕ್ರಮದ ಹೆಸರು `<html lang="en">` ಎಂದಿತ್ತು. "ಅಕ್ಕಾ, ಇದು ವೆಬ್ ಡಿಸೈನ್ ವರ್ಕ್‌ಶಾಪಾ?" ಎಂದು ಅವಳು ಗಂಭೀರವಾಗಿ ಕೇಳಿದಳು, ನಾನು ಷರತ್ತು ಮರೆತು ನಕ್ಕುಬಿಟ್ಟೆ. ಆದದ್ದು ಇಷ್ಟು: ಕೊಂಡಿ ಇಲ್ಲದಿದ್ದಾಗ ಕೋಡ್ `/undefined` ಎಂಬ ವಿಳಾಸವನ್ನು ಕೇಳುತ್ತದೆ, ವೀಟ್‌ನ ಡೆವ್ ಸರ್ವರ್ ಗೊತ್ತಿಲ್ಲದ ವಿಳಾಸಕ್ಕೆ 404 ಹೇಳದೆ `index.html` ಅನ್ನೇ ಕೊಟ್ಟುಬಿಡುತ್ತದೆ, ನಮ್ಮ ಕೋಡ್ ಅದನ್ನು ಸಿಎಸ್‌ವಿ ಎಂದು ನಂಬಿ ಮೊದಲ ಸಾಲನ್ನು ತಲೆಬರಹವಾಗಿ ತೆಗೆದು ಎರಡನೆಯದನ್ನು ಕಾರ್ಡಿನಲ್ಲಿ ಹಾಕುತ್ತದೆ. ಅಂದಿನಿಂದ ಕೈಯಲ್ಲಿ ಫೈಲ್ ಸೃಷ್ಟಿಸುವ ಮಾತೇ ಇಲ್ಲ, ನಕಲು ಮಾಡುವ ಆಜ್ಞೆ ಮಾತ್ರ. ಜೊತೆಗೆ, `VITE_` ಎಂದು ಶುರುವಾಗುವುದೆಲ್ಲ ಬಿಲ್ಡ್ ಆದ ಫೈಲಿನೊಳಗೆ ಎಲ್ಲರಿಗೂ ಕಾಣುತ್ತದೆ, ಪಾಸ್‌ವರ್ಡ್ ಇಡಬೇಡಿ ಎಂಬ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಸೇರಿಸಿದೆ.

ನಡುವೆ ಎರಡು ಪ್ರಯೋಗಗಳಲ್ಲಿ ಸಮಯ ಕಳೆದೆ. ಒಂದು ಡಾಕರ್. ಒಂದೇ ಆಜ್ಞೆಯಲ್ಲಿ ಎಲ್ಲವೂ ಮುಗಿಯುತ್ತದೆಂದು ಆಸೆಪಟ್ಟೆ, ಆದರೆ ನಾಲ್ಕು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪುಗಳು ಏದುಸಿರು ಬಿಟ್ಟವು, ಇಬ್ಬರದರಲ್ಲಿ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಆಗಿತ್ತು, ಹಾಸ್ಟೆಲ್ ವೈಫೈಯಲ್ಲಿ ಇಮೇಜ್ ಇಳಿಯುವಷ್ಟರಲ್ಲಿ ಮೆಸ್ ಮುಚ್ಚಿತ್ತು. ಇನ್ನೊಂದು, ಪೂರ್ತಿ ರೀಡ್‌ಮಿಯನ್ನು ಕನ್ನಡದಲ್ಲೂ ಬರೆದದ್ದು. ಅದು ಓದುವವರಿಗೆ ಹಿಡಿಸಿತು, ಆದರೆ ಎರಡು ತಿಂಗಳಲ್ಲಿ ಇಂಗ್ಲಿಷ್ ಪ್ರತಿ ಮುಂದೆ ಹೋಯಿತು, ಕನ್ನಡ ಪ್ರತಿ ಹಿಂದೆ ಉಳಿಯಿತು. ಈಗ ದೋಷಗಳಿಗೆ ಪರಿಹಾರ ಹೇಳುವ ಕೊನೆಯ ಭಾಗವೊಂದನ್ನು ಮಾತ್ರ ಕನ್ನಡದಲ್ಲಿ ಇಟ್ಟಿದ್ದೇನೆ, ಅದಕ್ಕೆ ಇಂಗ್ಲಿಷ್ ಪ್ರತಿಯೇ ಇಲ್ಲ, ಹಾಗಾಗಿ ಹಿಂದೆ ಬೀಳುವ ಪ್ರಶ್ನೆಯೂ ಇಲ್ಲ.

ಡಿಪ್ಲಾಯ್ ಭಾಗ ಬರೆಯುವುದು ಸುಲಭವೆಂದುಕೊಂಡಿದ್ದೆ. ಸೈಟ್ ಗಿಟ್‌ಹಬ್ ಪೇಜಸ್‌ನಲ್ಲಿದೆ, `main`ಗೆ ಸೇರಿದ ಕೋಡನ್ನು `.github/workflows/deploy.yml` ತಾನೇ ಬಿಲ್ಡ್ ಮಾಡಿ ಏರಿಸುತ್ತದೆ. ಆದರೆ ಮೊದಲ ದಿನವೇ ಒಬ್ಬ ಹುಡುಗನ ಬದಲಾವಣೆ ಅವನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿ, ಬಿಲ್ಡ್‌ನಲ್ಲಿ `Could not resolve "./components/navbar"` ಎಂದು ಬಿದ್ದಿತು. ಫೈಲಿನ ಹೆಸರು `Navbar.jsx`. ವಿಂಡೋಸಿಗೆ ದೊಡ್ಡ ಎನ್, ಚಿಕ್ಕ ಎನ್ ಎರಡೂ ಒಂದೇ, ಬಿಲ್ಡ್ ನಡೆಯುವ ಉಬುಂಟುವಿಗೆ ಬೇರೆ ಬೇರೆ. ಇದು ಲ್ಯಾಪ್‌ಟಾಪಿನಲ್ಲಿ `npm run build` ಮಾಡಿದರೂ ಸಿಕ್ಕಿಬೀಳದ ತಪ್ಪು. ಆದ್ದರಿಂದ ಡಿಪ್ಲಾಯ್‌ನ ಮೊದಲ ಹೆಜ್ಜೆಯೆಂದರೆ ಆಕ್ಷನ್ಸ್ ಟ್ಯಾಬ್ ತೆರೆದು ಹಸಿರು ಗುರುತು ನೋಡುವುದು, ಕೆಂಪಾಗಿದ್ದರೆ ಕೆಳಗಿನಿಂದ ಮೇಲಕ್ಕೆ ಲಾಗ್ ಓದುವುದು ಎಂದು ಬರೆದೆ.

ಹೊಸಬರು ಕ್ಲಬ್ಬಿನ ಸೈಟ್ ಕೆಡಿಸಿಬಿಡುತ್ತೇವೆಂಬ ಭಯದಿಂದ ಡಿಪ್ಲಾಯ್ ಮುಟ್ಟುತ್ತಿರಲಿಲ್ಲ. ಅದಕ್ಕೆ ರೆಪೊದ ಸ್ವಂತ ನಕಲಾದ ಅವರವರ ಫೋರ್ಕ್‌ನಲ್ಲಿಯೇ ಒಮ್ಮೆ ಏರಿಸಿ ನೋಡುವ ಏರ್ಪಾಡು ಮಾಡಿದೆ. ಮೊದಲು ಮಾಡಿದಾಗ ಎಲ್ಲರಿಗೂ ಬಿಳಿ ಪರದೆ ಬಂತು, ಏಕೆಂದರೆ ಫೋರ್ಕ್‌ನ ವಿಳಾಸ ರೆಪೊ ಹೆಸರಿನ ಕೆಳಗಿರುತ್ತದೆ, ಸೈಟ್ ಮಾತ್ರ ತನ್ನ ಫೈಲುಗಳನ್ನು ಡೊಮೇನಿನ ಬುಡದಲ್ಲಿ ಹುಡುಕುತ್ತದೆ. `vite.config.js`ನಲ್ಲಿ ಒಂದು ಸಾಲು ಸಾಕಾಯಿತು:

```
base: process.env.BASE_PATH || '/',
```

ಫೋರ್ಕ್ ಎಂಬುದನ್ನು ವರ್ಕ್‌ಫ್ಲೋ ತಾನೇ ಗುರುತಿಸಿ `BASE_PATH` ತುಂಬುವಂತೆ ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಸ್ವಲ್ಪ ತಲೆ ಕೆರೆದುಕೊಂಡರೆ ನಿಮಗೂ ಹೊಳೆಯುತ್ತದೆ. ರೀಡ್‌ಮಿಯನ್ನು ನಿಜವಾಗಿ ಓದಿದ್ದಾರೋ ಇಲ್ಲವೋ ಎಂದು ನನಗೆ ತಿಳಿಸುವ ಪುಟ್ಟ ಏರ್ಪಾಡೊಂದೂ ಅದರೊಳಗಿದೆ, ಜೂನಿಯರ್‌ಗಳೂ ಇದನ್ನು ಓದುವುದರಿಂದ ಅದರ ಗುಟ್ಟು ನನ್ನಲ್ಲೇ ಇರಲಿ.

ಇನ್ನು ದುಡ್ಡಿನ ಮಾತು. ನಮ್ಮ ಡೊಮೇನ್ ಇದ್ದದ್ದು ಪಾಸಾಗಿ ಹೋದ ಸೀನಿಯರ್ ಒಬ್ಬರ ಖಾತೆಯಲ್ಲಿ, ನವೀಕರಣದ ಮೇಲ್ ಹೋಗುತ್ತಿದ್ದದ್ದು ಅವರ ಕಾಲೇಜಿನ ವಿಳಾಸಕ್ಕೆ, ಆ ವಿಳಾಸ ಅವರು ಹೊರಟ ಮೇಲೆ ಮುಚ್ಚಿಹೋಗಿತ್ತು. ನಮಗೆ ತಿಳಿದದ್ದು ಫೆಸ್ಟ್‌ಗೆ ಹತ್ತು ದಿನ ಇರುವಾಗ, ಸೈಟ್ ತೆರೆಯದಿದ್ದಾಗ. ಸಮಯಕ್ಕೆ ಕಟ್ಟಿದ್ದರೆ ಎಂಟುನೂರರ ಆಸುಪಾಸಿನಲ್ಲಿ ಮುಗಿಯುತ್ತಿದ್ದುದು, ಅವಧಿ ಮೀರಿದ ಡೊಮೇನ್ ಬಿಡಿಸಿಕೊಳ್ಳುವ ಶುಲ್ಕವೂ ಸೇರಿ ಆರೂವರೆ ಸಾವಿರದ ಹತ್ತಿರ ಹೋಯಿತು. ಆ ವರ್ಷದ ಟೀ ಶರ್ಟ್‌ಗಳಿಗೆ ಎಲ್ಲರೂ ಕೈಯಿಂದಲೇ ಕೊಟ್ಟೆವು. ಈಗ ರೀಡ್‌ಮಿಯಲ್ಲಿ ಒಂದು ಚಿಕ್ಕ ಭಾಗವಿದೆ: ಡೊಮೇನ್ ಕ್ಲಬ್ಬಿನ ಯಾವ ಖಾತೆಯಲ್ಲಿದೆ, ಯಾವ ತಿಂಗಳು ಮುಗಿಯುತ್ತದೆ, ಹಣ ಯಾರು ಕಟ್ಟಬೇಕು, ಪಾಸ್‌ವರ್ಡ್ ಯಾವ ಅಧ್ಯಾಪಕರ ಬಳಿಯಿದೆ. ಪಾಸ್‌ವರ್ಡ್ ಮಾತ್ರ ಅಲ್ಲಿಲ್ಲ. ಡಿಎನ್‌ಎಸ್‌ನಲ್ಲಿ ಇರಬೇಕಾದ ನಾಲ್ಕು ಎ ರೆಕಾರ್ಡ್‌ಗಳನ್ನೂ, `185.199.108.153`ರಿಂದ `185.199.111.153`ರವರೆಗೆ, ಬರೆದಿಟ್ಟಿದ್ದೇನೆ, ಏಕೆಂದರೆ ಬಿಡಿಸಿಕೊಂಡ ರಾತ್ರಿ ಅವು ಯಾರಿಗೂ ನೆನಪಿರಲಿಲ್ಲ.

ಬದಲಾವಣೆ ಮಾಡಿದವರು ರೀಡ್‌ಮಿ ತಿದ್ದುವುದನ್ನು ಮರೆಯುತ್ತಾರೆಂಬ ಆಕ್ಷೇಪ ಮೊದಲಿನಿಂದಲೂ ಇತ್ತು, ಅದು ಸುಳ್ಳಲ್ಲ. ಅದಕ್ಕೆ ನಾವು ಹಾಕಿಕೊಂಡ ಕಟ್ಟಳೆ ಒಂದೇ: ಹೊಸ ಸದಸ್ಯರ ಮೊದಲ ಪುಲ್ ರಿಕ್ವೆಸ್ಟ್ ರೀಡ್‌ಮಿಯ ಮೇಲೇ ಇರಬೇಕು, ತಾವು ಸಿಕ್ಕಿಕೊಂಡ ಜಾಗವನ್ನು ಅವರು ಅದರಲ್ಲಿ ಸರಿಪಡಿಸಿರಬೇಕು. ಒಬ್ಬ ಎಲ್ಲೂ ಸಿಕ್ಕಿಕೊಳ್ಳಲಿಲ್ಲವೆಂದು ಜಂಬ ಕೊಚ್ಚಿಕೊಂಡ, ಅವನಿಂದ ಕಾಗುಣಿತ ತಿದ್ದಿಸಿದೆವು. ನಾನು ಈಗ ಕಾಲೇಜಿನಲ್ಲಿಲ್ಲ, ಆದರೂ ರೆಪೊದ ಮೇಲ್‌ಗಳು ಬರುತ್ತವೆ. ಕಳೆದ ತಿಂಗಳು ಬಂದ ಪುಲ್ ರಿಕ್ವೆಸ್ಟ್‌ನಲ್ಲಿ, ನಾನು ಅಷ್ಟು ಪ್ರೀತಿಯಿಂದ ಅಂಟಿಸಿದ್ದ `crypto$2` ಸಾಲನ್ನು ಯಾರೋ ಅಳಿಸಿದ್ದರು. ಲ್ಯಾಬಿನಲ್ಲಿ ಈಗ ನೋಡ್ 22 ಇದೆ, ಈ ಸಾಲು ಯಾರಿಗೂ ಬೇಕಾಗಿಲ್ಲ ಎಂದು ಕಾರಣ ಬರೆದಿದ್ದರು. ಬಸ್ಸಿನಲ್ಲಿ ಕುಳಿತೇ ಒಪ್ಪಿಗೆ ಒತ್ತಿದೆ.